ಲೇಥ್ ಮುಂದೆ ನಿಂತವನಿಗೆ ಬೇಕಾದ ಕನ್ನಡ

ಸಿಂಗಪುರದ ಜುರಾಂಗ್, ತುವಾಸ್, ಸೆಂಬವಾಂಗ್ ಕಡೆಯ ಶಿಪ್‌ಯಾರ್ಡ್‌ಗಳಿಗೆ ಒಂದು ಹಡಗು ರಿಪೇರಿಗೆ ಬಂತೆಂದರೆ ಅಲ್ಲಿನ ಮಷಿನ್ ಶಾಪಿಗೂ ಕೈತುಂಬ ಕೆಲಸ. ಸವೆದ ಪಂಪ್ ಶಾಫ್ಟ್, ತುಕ್ಕು ಹಿಡಿದ ವಾಲ್ವ್ ಸ್ಪಿಂಡಲ್, ಮಾರುಕಟ್ಟೆಯಲ್ಲಿ ಈಗ ಸಿಗದ ಬುಷ್, ಹೀಗೆ ಬರುವ ಜಾಬ್‌ಗಳೆಲ್ಲ ಒಂದೊಂದೇ. ಒಂದೇ ತುಂಡಿಗಾಗಿ ಪ್ರೋಗ್ರಾಂ ಬರೆಯುತ್ತ ಕೂರುವುದಕ್ಕಿಂತ ನುರಿತ ಟರ್ನರ್ ಕೈಯಲ್ಲೇ ತಿರುಗಿಸಿ ಮಾಡುವುದು ಬೇಗ. ಹಾಗಾಗಿ ಸಿಎನ್‌ಸಿ ಕಾಲದಲ್ಲೂ ಸಾದಾ ಲೇಥ್ ಇಂಥ ಕಡೆ ಉಳಿದುಕೊಂಡಿದೆ. ಅದರ ಮುಂದೆ ನಿಲ್ಲುವವರಲ್ಲಿ ತಮಿಳರು, ಬಾಂಗ್ಲಾದೇಶದವರು ಹೆಚ್ಚು. ಅವರ ನಡುವೆ ಕರ್ನಾಟಕದ ಐಟಿಐಗಳಲ್ಲಿ ಟರ್ನರ್ ಕೋರ್ಸ್ ಮುಗಿಸಿ, ಪೀಣ್ಯದಲ್ಲೋ ಬೆಳಗಾವಿಯಲ್ಲೋ ಹರಿಹರದಲ್ಲೋ ನಾಲ್ಕು ವರ್ಷ ಕೈ ಪಳಗಿಸಿಕೊಂಡು ಬಂದ ನಮ್ಮ ಹುಡುಗರೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ.

ಇವರಿಗೆ ಕೆಲಸ ಗೊತ್ತು, ಇಂಗ್ಲಿಷ್ ಅಷ್ಟಾಗಿ ಗೊತ್ತಿಲ್ಲ. ಸಿಂಗಪುರದಲ್ಲಿ 2006ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆ, ಕೆಲಸಗಾರನಿಗೆ ಬೇಕಾದ ಮಾಹಿತಿ, ಸೂಚನೆ, ತರಬೇತಿ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದೆ. ಅದರಂತೆ ತಮಿಳು, ಬಂಗಾಳಿ, ಚೀನಿ ಭಾಷೆಗಳ ಸುರಕ್ಷತಾ ಚಿತ್ರಪಟಗಳು ಗೋಡೆಯ ಮೇಲೆ ಕಾಣುತ್ತವೆ. ಕನ್ನಡದವನು ಪಕ್ಕದ ತಮಿಳು ಗೆಳೆಯನನ್ನು ಕೇಳಿ ತಿಳಿದುಕೊಳ್ಳಬೇಕು. ಚಿತ್ರಪಟದ ಮಟ್ಟಿಗೆ ಅದು ನಡೆದೀತು. ಮಷಿನಿನ ಕೈಪಿಡಿಯ ಮಟ್ಟಿಗೆ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಒಂದು ಅಂಕಿ ಕಿವಿಯಿಂದ ಕಿವಿಗೆ ದಾಟುವಾಗ ಬದಲಾದರೆ ಜಾಬ್ ಹೋಗುತ್ತದೆ, ಕೆಲವೊಮ್ಮೆ ಬೆರಳೂ ಹೋಗುತ್ತದೆ. ಅದಕ್ಕೇ ನಮ್ಮವರು ಇರುವ ಮಷಿನ್ ಶಾಪುಗಳಿಗೆ ಕನ್ನಡದ ಕೈಪಿಡಿ ಬೇಕು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಆದರೆ ಅದು ಎಂಥ ಕನ್ನಡ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೊದಲ ಪ್ರಶ್ನೆ ಹೆಸರುಗಳದು. ಲೇಥಿಗೆ, ಚಕ್‌ಗೆ, ಟೂಲ್ ಪೋಸ್ಟಿಗೆ ಅಚ್ಚ ಕನ್ನಡದ ಹೆಸರು ಹುಡುಕುವ ಆಸೆ ಅನುವಾದಕರಿಗೆ ಸಹಜ. ಚನ್ನಪಟ್ಟಣದಲ್ಲಿ ಮರವನ್ನು ಕಡೆದು ಬಣ್ಣದ ಗೊಂಬೆ ಮಾಡುವ ಕಸುಬು ಇರುವ ನಾಡು ನಮ್ಮದು, ಕಡೆಯುವುದಕ್ಕೆ ನಮ್ಮಲ್ಲಿ ಮಾತಿಲ್ಲದೆ ಇಲ್ಲ. ಆದರೆ ಕಬ್ಬಿಣ ಕಡೆಯುವ ಕಸುಬು ನಮ್ಮವರಿಗೆ ಬಂದ ದಾರಿ ಬೇರೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್ ಜೊತೆಗೂಡಿ ಹುಟ್ಟಿದ ಎಚ್‌ಎಂಟಿ, ಇವುಗಳ ಲೇಥ್‌ಗಳ ಜೊತೆಯಲ್ಲೇ ಚಕ್, ಜಾ, ಕ್ಯಾರೇಜ್, ಕ್ರಾಸ್ ಸ್ಲೈಡ್, ಟೇಲ್‌ಸ್ಟಾಕ್, ಫೀಡ್, ಜಾಬ್ ಎಂಬ ಮಾತುಗಳು ಕರ್ನಾಟಕದ ವರ್ಕ್‌ಶಾಪುಗಳಲ್ಲಿ ನೆಲೆಯೂರಿದವು. ತಲೆಮಾರುಗಳಿಂದ ಟರ್ನರ್‌ಗಳು ಆಡುತ್ತ ಬಂದ ಮಾತೇ ಅವರ ಕನ್ನಡ. ‘ಹಿಡಿಕೆ ದವಡೆ’ ಎಂದು ಬರೆದರೆ ಇಪ್ಪತ್ತು ವರ್ಷ ಲೇಥ್ ನಡೆಸಿದವನೂ ಕಕ್ಕಾಬಿಕ್ಕಿ. ಮಷಿನಿನ ಮೇಲೆ ಅಚ್ಚಾಗಿರುವ ಗುರುತುಗಳನ್ನಂತೂ ಇದ್ದ ಹಾಗೇ ಇಡಬೇಕು. ಬಟನ್ನಿನ ಮೇಲೆ FWD ಎಂದಿದ್ದರೆ ಕೈಪಿಡಿಯಲ್ಲೂ ಅದೇ ಅಕ್ಷರಗಳು ಬರಬೇಕು, ಅದರ ಪಕ್ಕದಲ್ಲಿ ‘ಇದನ್ನು ಒತ್ತಿದರೆ ಸ್ಪಿಂಡಲ್ ಮುಂದಕ್ಕೆ ತಿರುಗುತ್ತದೆ’ ಎಂಬ ಕನ್ನಡ ಬರಬೇಕು. ಇಂಗ್ಲಿಷ್ ಓದಲು ಬಾರದವನೂ ಆ ಮೂರು ಅಕ್ಷರಗಳ ಆಕಾರವನ್ನು ಕಣ್ಣಿನಿಂದ ಹೊಂದಿಸಿಕೊಳ್ಳುತ್ತಾನೆ. ಅಂಕಿಗಳನ್ನೂ 1, 2, 3 ಎಂದೇ ಬರೆಯಬೇಕು, ಡಯಲ್ ಮೇಲೆ ಇರುವುದು ಅವೇ.

ಹೆಸರುಗಳನ್ನು ಹೀಗೆ ಇದ್ದಲ್ಲೇ ಬಿಟ್ಟ ಮೇಲೆ ಉಳಿಯುವುದು ಕ್ರಿಯಾಪದ. ನಿಜವಾದ ಕಷ್ಟ ಇರುವುದು ಅಲ್ಲಿ. ಇಂಗ್ಲಿಷ್ ಕೈಪಿಡಿಯ ವಾಕ್ಯದಲ್ಲಿ ‘ಮಾಡಬೇಡ’ ಎಂಬುದು ಮೊದಲೇ ಬಂದುಬಿಡುತ್ತದೆ. ಕನ್ನಡದಲ್ಲಿ ಅದು ಕೊನೆಯ ಮಾತು. ‘ಸ್ಪಿಂಡಲ್ ಪೂರ್ತಿಯಾಗಿ ನಿಲ್ಲುವ ಮೊದಲು ಹೆಡ್‌ಸ್ಟಾಕಿನ ಗೇರ್ ಲಿವರನ್ನು ಬೇರೆ ಸ್ಪೀಡಿಗೆ ಬದಲಾಯಿಸಬೇಡಿ’ ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಎಣ್ಣೆ ಕೈಯಲ್ಲಿ ಹಾಳೆ ಹಿಡಿದು, ಒಂದು ಕಣ್ಣು ಮಷಿನಿನ ಮೇಲೆ ಇಟ್ಟು, ಅಕ್ಷರ ಕೂಡಿಸಿ ಓದುವವನಿಗೆ ವಾಕ್ಯದ ಕೊನೆ ತಲುಪುವವರೆಗೂ ಸಿಗುವ ಸುದ್ದಿಯೆಲ್ಲ ಲಿವರ್ ಬದಲಾಯಿಸುವುದರ ಬಗ್ಗೆಯೇ. ‘ಬೇಡಿ’ ಮುಂದಿನ ಸಾಲಿಗೆ ಜಾರಿದ್ದರಂತೂ ಅಪಾಯ ಇನ್ನೂ ಹೆಚ್ಚು. ಇದನ್ನು ನಾನು ಎರಡು ವಾಕ್ಯ ಮಾಡುತ್ತೇನೆ: ‘ಮೊದಲು ಸ್ಪಿಂಡಲ್ ನಿಲ್ಲಿಸಿ. ಪೂರ್ತಿ ನಿಂತ ಮೇಲೆ ಗೇರ್ ಲಿವರ್ ಬದಲಾಯಿಸಿ.’ ಇಲ್ಲಿ ನಿಷೇಧವೇ ಇಲ್ಲ. ಓದಿದ ಕ್ರಮದಲ್ಲೇ ಕೈ ನಡೆದರೆ ಕೆಲಸ ಸರಿಯಾಗುತ್ತದೆ. ನಡೆಯುವ ಕ್ರಮದಲ್ಲೇ ಹೇಳುವುದು ಕನ್ನಡಕ್ಕೆ ಸಲೀಸು. ‘ಆದ ಮೇಲೆ’ ಎಂಬ ಒಂದು ಮಾತು ಕೈಪಿಡಿಯ ಅರ್ಧ ಭಾರ ಹೊರುತ್ತದೆ.

ಇಂಗ್ಲಿಷಿನಿಂದ ನುಸುಳುವ ಇನ್ನೊಂದು ತೊಡಕು ಕರ್ತೃ ಕಾಣೆಯಾಗುವುದು. ‘ಚಕ್ ಕೀ ತೆಗೆಯಲ್ಪಡತಕ್ಕದ್ದು’ ಎಂದರೆ ಯಾರು ತೆಗೆಯಬೇಕು? ಭಾರದ ಜಾಬನ್ನು ಚಕ್‌ಗೆ ಏರಿಸುವಾಗ ಟರ್ನರ್ ಜೊತೆ ಹೆಲ್ಪರ್ ಇರುತ್ತಾನೆ. ಅವನು ಜಾಬ್ ಹಿಡಿದಿರುತ್ತಾನೆ, ಇವನು ಕೀ ತಿರುಗಿಸುತ್ತಾನೆ, ಅಥವಾ ಇದು ತಿರುವುಮುರುವಾಗಿರುತ್ತದೆ. ಕೀ ಚಕ್‌ನಲ್ಲೇ ಉಳಿದಿರುವಾಗ ಮಷಿನ್ ಸ್ಟಾರ್ಟ್ ಆದರೆ ಆ ಉಕ್ಕಿನ ತುಂಡು ಸಿಡಿದು ಎದುರಿಗಿದ್ದವನ ಮುಖಕ್ಕೋ ಎದೆಗೋ ಬಡಿಯುತ್ತದೆ. ಲೇಥ್ ಅಪಘಾತಗಳಲ್ಲಿ ಇದು ಬಹಳ ಹಳೆಯದು. ಅದಕ್ಕೆ ಕನ್ನಡದಲ್ಲಿ ಹೀಗೆ ಬರೆಯಬೇಕು: ‘ಕೀ ತಿರುಗಿಸಿದವರೇ ಕೀ ತೆಗೆಯಿರಿ. ಕೀ ಚಕ್‌ನಲ್ಲಿ ಇರುವಷ್ಟು ಹೊತ್ತೂ ಅದರಿಂದ ಕೈ ತೆಗೆಯಬೇಡಿ.’ ಎರಡನೆಯ ವಾಕ್ಯದಲ್ಲಿ ‘ಬೇಡಿ’ ಇದ್ದೇ ಇದೆ, ಆದರೆ ವಾಕ್ಯ ಚಿಕ್ಕದು, ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಬಿಟ್ಟ ಕೂಡಲೇ ತಾನಾಗಿ ಹೊರಬರುವ ಸ್ಪ್ರಿಂಗ್ ಕೀ ಇದ್ದರೂ ಈ ಸಾಲು ಇರಲಿ. ಸ್ಪ್ರಿಂಗ್ ಅಡ್ಡಿಯಾಗುತ್ತದೆಂದು ಕಿತ್ತುಹಾಕಿದ ಕೀಗಳನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ಒಂದು ಜಾಬ್ ತೆಗೆದುಕೊಳ್ಳೋಣ. 50 ಮಿಲಿಮೀಟರ್ ವ್ಯಾಸದ ಮೈಲ್ಡ್ ಸ್ಟೀಲ್ ಶಾಫ್ಟ್. ಅದನ್ನು 100 ಮಿಲಿಮೀಟರ್ ಉದ್ದಕ್ಕೆ 48 ಮಿಲಿಮೀಟರ್ ವ್ಯಾಸಕ್ಕೆ ಇಳಿಸಬೇಕು. ಟೂಲ್ ಹೈಸ್ಪೀಡ್ ಸ್ಟೀಲಿನದು, ಅಂದರೆ ಶಾಪಿನವರು ಎಚ್‌ಎಸ್‌ಎಸ್ ಎನ್ನುವಂಥದು. ಐಟಿಐಯಲ್ಲಿ ಮೊದಲ ವರ್ಷವೇ ಮಾಡಿಸುವ ಸರಳ ಕೆಲಸ. ಆದರೂ ಕೈಪಿಡಿಯ ಕನ್ನಡ ಸಡಿಲವಾಗಿದ್ದರೆ ಇಷ್ಟರಲ್ಲೇ ಎರಡು ಕಡೆ ಎಡವಬಹುದು.

ಮೊದಲನೆಯದು ವೇಗ. ಮೂಲ ಕೈಪಿಡಿಯಲ್ಲಿ ಕಟಿಂಗ್ ಸ್ಪೀಡ್, ಸ್ಪಿಂಡಲ್ ಸ್ಪೀಡ್, ಫೀಡ್ ರೇಟ್ ಎಂದು ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ. ನಿಘಂಟು ಇಟ್ಟುಕೊಂಡು ಕೂತರೆ ಮೂರೂ ‘ವೇಗ’ವಾಗುತ್ತವೆ: ಕತ್ತರಿಸುವ ವೇಗ, ತಿರುಗುವ ವೇಗ, ಮುನ್ನಡೆಯ ವೇಗ. ಪಟ್ಟಿಯಲ್ಲಿ ‘ವೇಗ 30’ ಎಂದು ಕಂಡವನು ಸ್ಪಿಂಡಲನ್ನು 30 ಸುತ್ತಿಗೆ ಇಟ್ಟರೆ ಅವನನ್ನು ದೂರುವಂತಿಲ್ಲ. ಆ 30 ಎಂಬುದು ನಿಮಿಷಕ್ಕೆ 30 ಮೀಟರ್. ಟೂಲಿನ ಮೊನೆಯ ಮುಂದೆ ಒಂದು ನಿಮಿಷದಲ್ಲಿ ಎಷ್ಟು ಉದ್ದದ ಲೋಹ ಹಾದುಹೋಗುತ್ತದೆ ಎಂಬ ಲೆಕ್ಕ ಅದು. ಎಚ್‌ಎಸ್‌ಎಸ್ ಟೂಲಿನಲ್ಲಿ ಮೈಲ್ಡ್ ಸ್ಟೀಲ್ ಕಡೆಯಲು ಸಾಮಾನ್ಯವಾಗಿ ಹಿಡಿಯುವ ಅಂಕಿ. ಅದನ್ನು ಸ್ಪಿಂಡಲಿನ ಸುತ್ತಿಗೆ ತರುವ ಸೂತ್ರ ಎಲ್ಲ ಟರ್ನರ್‌ಗಳೂ ಓದಿದ್ದೇ:

```
N = 1000 × V ÷ (3.14 × D)
N = 1000 × 30 ÷ (3.14 × 50) = 191
```

ನಿಮಿಷಕ್ಕೆ 191 ಸುತ್ತು. ಮಷಿನಿನ ಸ್ಪೀಡ್ ಫಲಕದಲ್ಲಿ 180, 280 ಎಂದಿದ್ದರೆ ಕೆಳಗಿನದನ್ನೇ, ಅಂದರೆ 180 ಆರಿಸಬೇಕು. ಕೈಪಿಡಿಯಲ್ಲಿ ಸೂತ್ರವಷ್ಟೇ ಕೊಟ್ಟು ಕೈತೊಳೆದುಕೊಳ್ಳುವ ಬದಲು, ಆ ಶಾಪಿಗೆ ಹೆಚ್ಚಾಗಿ ಬರುವ ವ್ಯಾಸಗಳಿಗೆ ಆ ಮಷಿನಿನಲ್ಲೇ ಇರುವ ಸುತ್ತುಗಳನ್ನು ಬರೆದ ಪುಟ್ಟ ಪಟ್ಟಿ ಕೊಡುವುದು ಒಳ್ಳೆಯದು. ಭಾಷೆಯಲ್ಲಿ ಮಾಡಬೇಕಾದದ್ದು ಇಷ್ಟೇ: ‘ವೇಗ’ ಎಂಬ ಮಾತನ್ನು ಪೂರ್ತಿ ಕೈಬಿಟ್ಟು, ಸ್ಪಿಂಡಲಿಗೆ ‘ನಿಮಿಷಕ್ಕೆ ಎಷ್ಟು ಸುತ್ತು’ ಎಂದೂ, ಕಟಿಂಗ್ ಸ್ಪೀಡಿಗೆ ‘ನಿಮಿಷಕ್ಕೆ ಎಷ್ಟು ಮೀಟರ್’ ಎಂದೂ, ಫೀಡಿಗೆ ‘ಒಂದು ಸುತ್ತಿಗೆ ಎಷ್ಟು ಮಿಲಿಮೀಟರ್’ ಎಂದೂ ಪ್ರತಿ ಸಲವೂ ಬರೆಯುವುದು. ಅಳತೆಯೇ ಹೆಸರಾದರೆ ಒಂದನ್ನು ಇನ್ನೊಂದೆಂದು ತಿಳಿಯಲು ಜಾಗವೇ ಇರುವುದಿಲ್ಲ. ಸಾಲು ಉದ್ದವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಆಗಲಿ ಬಿಡಿ.

ತಪ್ಪಾದರೆ ಗೊತ್ತಾಗುವುದು ಹೇಗೆ ಎಂಬುದನ್ನೂ ಹಾಳೆಯಲ್ಲಿ ಹೇಳಬೇಕು. 50 ಮಿಲಿಮೀಟರ್ ಶಾಫ್ಟನ್ನು 30 ಸುತ್ತಿನಲ್ಲಿ ಕಡೆದರೆ ನಿಮಿಷಕ್ಕೆ ಐದು ಮೀಟರೂ ಆಗುವುದಿಲ್ಲ. ಲೋಹ ನಯವಾಗಿ ಕತ್ತರಿಸದೆ ಹರಿದಂತಾಗಿ ಮೈ ಒರಟಾಗುತ್ತದೆ. ಕಾಲ ಹಾಳು, ಬೇರೆ ಅನಾಹುತವಿಲ್ಲ. ಉಲ್ಟಾ ಆದರೆ ಕಷ್ಟ. ಕಾರ್ಬೈಡ್ ಟೂಲಿಗೆಂದು ಬರೆದ ನಿಮಿಷಕ್ಕೆ 100 ಮೀಟರಿನ ಸಾಲನ್ನು ನೋಡಿ ಎಚ್‌ಎಸ್‌ಎಸ್ ಟೂಲಿನಲ್ಲೇ 600 ಸುತ್ತಿಗೆ ಓಡಿಸಿದರೆ ಚಿಪ್ಪು ನೀಲಿ ಬಣ್ಣಕ್ಕೆ ತಿರುಗಿ ಹೊರಬರುತ್ತದೆ, ಸ್ವಲ್ಪ ಹೊತ್ತಿಗೆ ಟೂಲಿನ ಮೊನೆ ಸುಟ್ಟು ಮೊಂಡಾಗುತ್ತದೆ. ಕಾರ್ಬೈಡಿನಲ್ಲಿ ನೀಲಿ ಚಿಪ್ಪು ಮಾಮೂಲು. ಹಾಗಾಗಿ ‘ಚಿಪ್ಪು ನೀಲಿಯಾದರೆ ಸುತ್ತು ಇಳಿಸಿ’ ಎಂಬ ಸಾಲಿನ ಮುಂದೆ ‘ಎಚ್‌ಎಸ್‌ಎಸ್ ಟೂಲ್ ಆಗಿದ್ದರೆ’ ಎಂಬುದು ಇರಲೇಬೇಕು. ಷರತ್ತು ಮೊದಲು, ಕೆಲಸ ಆಮೇಲೆ.

ಯುರೋಪಿನಿಂದ ಬಂದ ಮಷಿನಾದರೆ ಅಂಕಿಗಳನ್ನೇ ಅನುವಾದಿಸಬೇಕಾದೀತು. ಜರ್ಮನರ ಬರವಣಿಗೆಯಲ್ಲಿ 1.500 ಎಂದರೆ ಸಾವಿರದೈನೂರು, 0,05 ಎಂದರೆ ನೂರರಲ್ಲಿ ಐದು ಭಾಗ. ಚುಕ್ಕೆ ಅಲ್ಪವಿರಾಮಗಳು ನಮಗೆ ಅಭ್ಯಾಸವಿರುವುದಕ್ಕೆ ನೇರ ತಿರುವುಮುರುವು. ಅಂಥ ಕೈಪಿಡಿ ಇಂಗ್ಲಿಷಿಗೆ ಬರುವಾಗಲೂ ಪಟ್ಟಿಗಳು ಹಾಗೇ ಉಳಿದಿರುವುದುಂಟು. ಅಂಕಿ ಎಂದು ಕಣ್ಣುಮುಚ್ಚಿ ನಕಲು ಮಾಡಬಾರದು.

ಎಡವುವ ಎರಡನೆಯ ಕಡೆ ಕ್ರಾಸ್ ಸ್ಲೈಡಿನ ಡಯಲ್. ವ್ಯಾಸ 50ರಿಂದ 48ಕ್ಕೆ ಇಳಿಯಬೇಕೆಂದರೆ ಟೂಲ್ ಒಳಕ್ಕೆ ಹೋಗಬೇಕಾದದ್ದು 1 ಮಿಲಿಮೀಟರ್ ಮಾತ್ರ, ಜಾಬ್ ತಿರುಗುವುದರಿಂದ ಎರಡೂ ಬದಿಯಲ್ಲಿ ಒಂದೊಂದು ಮಿಲಿಮೀಟರ್ ಹೋಗುತ್ತದೆ. ಇದು ಟರ್ನರ್‌ಗೆ ಹೇಳಿಕೊಡಬೇಕಾದ ವಿಷಯವಲ್ಲ. ತೊಡಕು ಬರುವುದು ಡಯಲ್ ಮೇಲಿನ ಗೆರೆಗಳಲ್ಲಿ. ಕೆಲವು ಲೇಥ್‌ಗಳಲ್ಲಿ ಡಯಲ್ ಟೂಲ್ ಚಲಿಸಿದ ದೂರವನ್ನು ತೋರಿಸುತ್ತದೆ. ಇನ್ನು ಕೆಲವು ಲೇಥ್‌ಗಳಲ್ಲಿ ವ್ಯಾಸ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ನೇರವಾಗಿ ತೋರಿಸುತ್ತದೆ. ಮೊದಲ ಬಗೆಯಲ್ಲಿ ನಮ್ಮ ಜಾಬಿಗೆ 1.00 ತಿರುಗಿಸಬೇಕು, ಎರಡನೆಯದರಲ್ಲಿ 2.00. ಊರಿನಲ್ಲಿ ಒಂದು ಬಗೆಯ ಮಷಿನಿನಲ್ಲಿ ಕೈ ಪಳಗಿದವನು ಇಲ್ಲಿ ಇನ್ನೊಂದು ಬಗೆಯದರ ಮುಂದೆ ನಿಂತಾಗ ಕೈ ಹಳೆಯ ಅಭ್ಯಾಸದಂತೆಯೇ ನಡೆಯುತ್ತದೆ. ಕೈಪಿಡಿ ಬರೀ ‘2 ಮಿ.ಮೀ. ತೆಗೆಯಿರಿ’ ಎಂದು ಹೇಳಿ ಸುಮ್ಮನಾದರೆ, ದೂರ ತೋರಿಸುವ ಡಯಲ್ ಇರುವ ಮಷಿನಿನಲ್ಲಿ ಶಾಫ್ಟ್ 46ಕ್ಕೆ ಇಳಿದುಬಿಡುತ್ತದೆ. ಹೋದ ಲೋಹ ಮತ್ತೆ ಬರುವುದಿಲ್ಲ. ಹಡಗು ಕಾಯುತ್ತಿರುವಾಗ ಹೊಸ ಬಾರ್ ತಂದು ಮೊದಲಿನಿಂದ ಶುರು ಮಾಡಬೇಕು.

ಇಲ್ಲಿ ಅನುವಾದಕ ಪುಸ್ತಕ ಬಿಟ್ಟು ಮಷಿನಿನ ಹತ್ತಿರ ಹೋಗಲೇಬೇಕು. ಪರೀಕ್ಷೆ ಸುಲಭ. ಒಂದು ಡಯಲ್ ಇಂಡಿಕೇಟರನ್ನು ಬೆಡ್ ಮೇಲಲ್ಲ, ಕ್ಯಾರೇಜ್ ಮೇಲೆ ನಿಲ್ಲಿಸಿ, ಅದರ ಮೊನೆ ಕ್ರಾಸ್ ಸ್ಲೈಡಿಗೆ ತಾಗುವಂತೆ ಇಡಿ. ಹ್ಯಾಂಡಲನ್ನು ಡಯಲ್ ಮೇಲೆ 1.00 ಆಗುವಷ್ಟು ತಿರುಗಿಸಿ. ಇಂಡಿಕೇಟರ್ 1.00 ತೋರಿಸಿದರೆ ಡಯಲ್ ದೂರ ಹೇಳುತ್ತಿದೆ, 0.50 ತೋರಿಸಿದರೆ ವ್ಯಾಸ ಹೇಳುತ್ತಿದೆ. ತಿರುಗಿಸಲು ಶುರು ಮಾಡುವ ಮೊದಲು ಸ್ಕ್ರೂವಿನ ಪ್ಲೇ ತೆಗೆದಿರಬೇಕು, ಇಲ್ಲದಿದ್ದರೆ ಹ್ಯಾಂಡಲ್ ತಿರುಗಿದರೂ ಸ್ಲೈಡ್ ನಿಂತಲ್ಲೇ ಇದ್ದು ಲೆಕ್ಕ ತಪ್ಪುತ್ತದೆ. ಉತ್ತರ ಸಿಕ್ಕ ಮೇಲೆ ಆ ಮಷಿನಿನ ಹಾಳೆಯಲ್ಲಿ ಹೀಗೆ ಬರೆಯಬಹುದು: ‘ಈ ಲೇಥಿನ ಡಯಲ್ ಟೂಲ್ ಹೋದ ದೂರ ತೋರಿಸುತ್ತದೆ. ವ್ಯಾಸದಲ್ಲಿ 2 ಮಿ.ಮೀ. ಇಳಿಸಲು ಡಯಲ್ 1.00 ತಿರುಗಿಸಿ.’ ಅದರ ಕೆಳಗೆ, ಮೊದಲ ಕಟ್ಟಿನಲ್ಲಿ 48.5ಕ್ಕೆ ನಿಲ್ಲಿಸಿ, ಸ್ಪಿಂಡಲ್ ನಿಲ್ಲಿಸಿದ ಮೇಲೆ ಮೈಕ್ರೋಮೀಟರಿನಲ್ಲಿ ಅಳೆದು, ಉಳಿದದ್ದನ್ನು ಫಿನಿಷ್ ಕಟ್ಟಿನಲ್ಲಿ ತೆಗೆಯಲು ಹೇಳುವ ಸಾಲು. ಡಯಲ್ ಗೆರೆ ದಾಟಿಹೋದರೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಮತ್ತೆ ಮುಂದಕ್ಕೆ ತರಬೇಕು, ಬರೀ ಗೆರೆಯಷ್ಟೇ ಹಿಂದಕ್ಕೆ ತಂದರೆ ಟೂಲ್ ಹಿಂದೆ ಸರಿದಿರುವುದಿಲ್ಲ. ‘ಬ್ಯಾಕ್‌ಲ್ಯಾಶ್ ನಿವಾರಣೆ’ ಎಂದು ಬರೆದಾಗ ಮುಖ ನೋಡುವ ಹುಡುಗ ‘ಪ್ಲೇ ತೆಗೆಯಿರಿ’ ಎಂದರೆ ತಟ್ಟನೆ ಹ್ಯಾಂಡಲ್ ಹಿಡಿಯುತ್ತಾನೆ.

ಕೆಲವು ತಪ್ಪುಗಳು ಮೂಲದಲ್ಲೇ ಇರುತ್ತವೆ. ಕೈಗವಸಿನ ವಿಷಯ ನೋಡಿ. ಕೈಪಿಡಿಯ ಮೊದಲ ಪುಟಗಳಲ್ಲಿ ಕನ್ನಡಕ, ಸೇಫ್ಟಿ ಶೂ ಜೊತೆ ಗ್ಲೌಸ್ ಹಾಕಿಕೊಳ್ಳಿ ಎಂದಿರುತ್ತದೆ. ಹತ್ತಾರು ಪುಟ ದಾಟಿದ ಮೇಲೆ ಲೇಥ್ ನಡೆಸುವಾಗ ಗ್ಲೌಸ್ ಕೂಡದು ಎಂದಿರುತ್ತದೆ. ಎರಡಕ್ಕೂ ಕಾರಣವಿದೆ. ಚೂಪಾದ ಚಿಪ್ಪು ಬಳಿಯುವಾಗ, ಅಂಚು ಉಜ್ಜದ ಭಾರದ ಜಾಬ್ ಎತ್ತುವಾಗ ಗ್ಲೌಸ್ ಬೇಕು. ಸ್ಪಿಂಡಲ್ ತಿರುಗುತ್ತಿರುವಾಗ ಗ್ಲೌಸಿನ ಒಂದು ಎಳೆ ಚಕ್‌ಗೋ ಜಾಬಿಗೋ ಸಿಕ್ಕಿದರೆ ಅದರ ಹಿಂದೆ ಬೆರಳು, ಕೈ, ತೋಳು ಎಲ್ಲ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಅದು ಬರಿಗೈ ಜಾರುವಷ್ಟು ಸಮಯವನ್ನೂ ಕೊಡುವುದಿಲ್ಲ. ಎರಡು ವಾಕ್ಯಗಳನ್ನೂ ಅಲ್ಲಲ್ಲೇ ಅನುವಾದಿಸಿ ಬಿಟ್ಟರೆ ಮೊದಲ ಪುಟ ಓದಿದವನ ಕೈಗೆ ಗ್ಲೌಸ್ ಬರುತ್ತದೆ, ಮುಂದಿನದನ್ನು ಅವನು ಓದುವುದೇ ಇಲ್ಲ. ಹಾಗೆಂದು ಅನುವಾದಕ ತನ್ನಷ್ಟಕ್ಕೆ ತಾನೇ ಒಂದನ್ನು ಕತ್ತರಿಸುವ ಹಾಗೂ ಇಲ್ಲ. ಸೂಪರ್‌ವೈಸರ್ ಮತ್ತು ಸೇಫ್ಟಿ ಆಫೀಸರ್ ಇಬ್ಬರಿಗೂ ತೋರಿಸಿ, ಒಪ್ಪಿಗೆ ಪಡೆದು, ಎರಡನ್ನೂ ಒಂದೇ ಕಡೆ ತರಬೇಕು: ‘ಮಷಿನ್ ನಿಂತಿರುವಾಗ ಚಿಪ್ಪು ತೆಗೆಯಲು, ಜಾಬ್ ಎತ್ತಲು ಗ್ಲೌಸ್ ಹಾಕಿ. ಸ್ಟಾರ್ಟ್ ಮಾಡುವ ಮೊದಲು ಗ್ಲೌಸ್ ಬಿಚ್ಚಿಡಿ.’ ಪಕ್ಕದಲ್ಲಿ ಐಎಸ್‌ಒ 7010 ಗುಣಮಟ್ಟದ ‘ಗ್ಲೌಸ್ ಬೇಡ’ ಚಿಹ್ನೆ, ಅದೇ ಕೆಂಪು ಸುತ್ತು ಅಡ್ಡಗೆರೆಯದು. ಅದು ಕನ್ನಡ ಓದಲು ಬಾರದ ಹೆಲ್ಪರ್‌ಗೂ ತಲುಪುತ್ತದೆ.

ಬರೆದದ್ದು ಸರಿಯಿದೆಯೇ ಎಂದು ನೋಡಲು ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೋಲಿಸುವ ಪದ್ಧತಿಯಿದೆ. ಬಿಟ್ಟುಹೋದ ಸಾಲುಗಳು ಅದರಲ್ಲಿ ಸಿಗುತ್ತವೆ, ಅಷ್ಟಕ್ಕೆ ಅದು ಉಪಯೋಗ. ಆದರೆ ಮೂರು ವೇಗಗಳ ಗೊಂದಲ ಅದರಲ್ಲಿ ಸಿಗುವುದಿಲ್ಲ, ಏಕೆಂದರೆ ಇಂಗ್ಲಿಷ್ ಬಲ್ಲ ಆ ಎರಡನೆಯವರು ‘ಕತ್ತರಿಸುವ ವೇಗ’ವನ್ನು ಸರಿಯಾಗಿಯೇ ಕಟಿಂಗ್ ಸ್ಪೀಡ್ ಎಂದು ಓದಿಕೊಳ್ಳುತ್ತಾರೆ. ನಿಜವಾದ ಪರೀಕ್ಷೆ ಮಷಿನಿನ ಮುಂದೆ ನಡೆಯಬೇಕು. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಹಾಳೆಯನ್ನು ಮೊದಲ ಸಲ ನೋಡುತ್ತಿರುವ ಟರ್ನರ್ ಕೈಗೆ ಕೊಟ್ಟು, ‘ಓದಿಕೊಂಡು ಮಾಡಿ ತೋರಿಸಿ’ ಎಂದು ಹೇಳಿ ಅನುವಾದಕ ಸುಮ್ಮನೆ ನಿಲ್ಲಬೇಕು. ಬಾಯಿ ತೆರೆಯಬಾರದು. ‘ಅರ್ಥವಾಯಿತೇ?’ ಎಂದು ಕೇಳಿದರೆ ನಮ್ಮವರು ದೊಡ್ಡವರ ಮುಂದೆ ‘ಆಯ್ತು ಸಾರ್’ ಎಂದೇ ಹೇಳುತ್ತಾರೆ. ಕೈ ಮಾತ್ರ ಹಾಗೆ ಹೇಳುವುದಿಲ್ಲ. ಯಾವ ಸಾಲಿನಲ್ಲಿ ಕೈ ತಡೆಯಿತು, ಯಾವ ಸಾಲನ್ನು ಎರಡು ಸಲ ಓದಿದರು, ಯಾವ ಲಿವರ್ ಹಿಡಿಯಲು ಹೋಗಿ ಬಿಟ್ಟರು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಕೈ ತಡೆದ ಸಾಲನ್ನು ಬದಲಿಸಬೇಕು, ಓದಿದವರನ್ನಲ್ಲ. ಕಲಬುರಗಿ ಕಡೆಯವರೊಬ್ಬರು, ಮಂಗಳೂರು ಕಡೆಯವರೊಬ್ಬರು ಓದಿದರೆ ಇನ್ನೂ ಒಳ್ಳೆಯದು, ಹಳೇ ಮೈಸೂರಿನ ಮಾತು ಎಲ್ಲರ ಕಿವಿಗೂ ಒಂದೇ ರೀತಿ ಬೀಳುವುದಿಲ್ಲ.

ಕೈಪಿಡಿಯ ಎಲ್ಲ ಪುಟಗಳನ್ನೂ ಕನ್ನಡಕ್ಕೆ ತರಬೇಕಾಗಿಲ್ಲ. ಎಲೆಕ್ಟ್ರಿಕಲ್ ಪ್ಯಾನೆಲ್, ಗೇರ್ ಬಾಕ್ಸ್ ಬಿಚ್ಚುವ ಕೆಲಸ ಟರ್ನರ್‌ದಲ್ಲ. ಅದನ್ನು ಕನ್ನಡದಲ್ಲಿ ಕೊಟ್ಟರೆ ಮಾಡಲು ಅನುಮತಿ ಕೊಟ್ಟಂತೆ ಕಾಣುವ ಅಪಾಯವೂ ಇದೆ. ಅಲ್ಲಿ ‘ಈ ಕೆಲಸ ನೀವು ಮಾಡಬೇಡಿ, ಮೆಂಟೆನೆನ್ಸ್‌ನವರನ್ನು ಕರೆಯಿರಿ’ ಎಂಬ ಒಂದು ಸಾಲು ಸಾಕು. ಟರ್ನರ್‌ಗೆ ಬೇಕಾದದ್ದು ಸ್ಟಾರ್ಟ್ ಮಾಡುವ ಮುಂಚಿನ ತಪಾಸಣೆ, ಜಾಬ್ ಹಿಡಿಸುವುದು, ಸುತ್ತು ಮತ್ತು ಫೀಡ್ ಆರಿಸುವುದು, ಡಯಲ್, ನಿಲ್ಲಿಸುವುದು, ದಿನದ ಎಣ್ಣೆ. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಲ್ಯಾಮಿನೇಟ್ ಮಾಡಿಸಿ ಮಷಿನಿನ ಪಕ್ಕದಲ್ಲೇ ತೂಗುಹಾಕಬೇಕು. ಆಫೀಸಿನ ಬೀರುವಿನಲ್ಲಿರುವ ಕನ್ನಡ ಯಾರಿಗೂ ಉಪಯೋಗವಿಲ್ಲ.

ಯುರೋಪಿನ ಯಂತ್ರ ನಿಯಮ 2006/42/ಇಸಿ ಅನುವಾದಿತ ಕೈಪಿಡಿಯ ಮೇಲೆ ‘ಮೂಲ ಸೂಚನೆಗಳ ಅನುವಾದ’ ಎಂದು ನಮೂದಿಸಲು, ಮೂಲವನ್ನೂ ಜೊತೆಗೆ ಇಡಲು ಹೇಳುತ್ತದೆ. ಸಿಂಗಪುರದ ಶಾಪಿಗೆ ಆ ನಿಯಮ ಅನ್ವಯಿಸದಿದ್ದರೂ ಪದ್ಧತಿ ಒಳ್ಳೆಯದು. ಹಾಳೆಯ ತಲೆಯಲ್ಲಿ ಮಷಿನಿನ ಮಾಡೆಲ್ ಮತ್ತು ಸೀರಿಯಲ್ ನಂಬರ್, ಮೂಲ ಕೈಪಿಡಿಯ ಯಾವ ಆವೃತ್ತಿಯ ಯಾವ ಪುಟ, ಕನ್ನಡ ಹಾಳೆಯ ದಿನಾಂಕ ಇರಲಿ. ಎಚ್‌ಎಸ್‌ಎಸ್ ಬಿಟ್ಟು ಕಾರ್ಬೈಡ್ ಟಿಪ್ ತರಿಸಿದ ದಿನವೇ ಸುತ್ತುಗಳ ಪಟ್ಟಿ ಹಳೆಯದಾಗುತ್ತದೆ. ಮಷಿನಿನ ಮೋಟಾರ್ ಬದಲಾಯಿಸಿದರೂ ಅಷ್ಟೇ. ಹಳೆಯ ಹಾಳೆ ತೆಗೆದು ಹೊಸದು ಹಾಕುವ ಹೊಣೆ ಯಾರದು ಎಂದು ಮೊದಲೇ ಗೊತ್ತಾಗಿರಬೇಕು. ಹಾಳೆಯ ಕೆಳಗೆ ‘ಇಲ್ಲಿ ಬರೆದದ್ದಕ್ಕೂ ಮಷಿನಿನ ಮೇಲೆ ಇರುವುದಕ್ಕೂ ಹೊಂದದಿದ್ದರೆ ಮಷಿನ್ ನಿಲ್ಲಿಸಿ, ಈ ನಂಬರಿಗೆ ಫೋನ್ ಮಾಡಿ’ ಎಂಬ ಸಾಲು ಬರಲಿ. ಆ ಫೋನ್ ಎತ್ತುವವರಿಗೆ ಲೇಥ್ ಗೊತ್ತಿರಬೇಕು, ಕನ್ನಡವೂ ಬರಬೇಕು. ರಾತ್ರಿ ಪಾಳಿಯಲ್ಲೂ ಅವರು ಸಿಗುವಂತಿರಬೇಕು.